ಬಡ್ಡಿ ಬಂದರೂ ಖಾತೆಗೆ ಬೀಗ

ಹುಬ್ಬಳ್ಳಿಯ ಯುವತಿಯೊಬ್ಬರು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದರು ಎಂದುಕೊಳ್ಳಿ. ಹಳೆಯ ಸಂಬಳದ ಖಾತೆಯಲ್ಲಿ 18,000 ರೂಪಾಯಿ ಉಳಿದಿತ್ತು. 2022ರ ಆಗಸ್ಟ್ 10ರಂದು ಎಟಿಎಂನಿಂದ ಹಣ ತೆಗೆದದ್ದೇ ಕೊನೆ. ಆಮೇಲೆ ಅದರ ಗೋಜಿಗೆ ಹೋಗಲಿಲ್ಲ. ಮೂರು ತಿಂಗಳಿಗೊಮ್ಮೆ ಬಡ್ಡಿ ಜಮೆಯಾಗುತ್ತಲೇ ಇತ್ತು. ಆದರೂ 2024ರ ಆಗಸ್ಟ್ ದಾಟುತ್ತಿದ್ದಂತೆ ಆ ಖಾತೆ ‘ಡಾರ್ಮೆಂಟ್’ ಆಗಿ, ಹಣ ತೆಗೆಯಲು ಬಾರದಂತಾಯಿತು.

ಬಡ್ಡಿ ಬಂದಿದೆಯಲ್ಲ, ವ್ಯವಹಾರ ನಡೆದಂತೆಯೇ ಅಲ್ಲವೇ? ಅಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಗ್ರಾಹಕರ ಕಡೆಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಯಾವ ವ್ಯವಹಾರವೂ ಆಗದಿದ್ದರೆ ಖಾತೆ ನಿಷ್ಕ್ರಿಯ. ಬ್ಯಾಂಕು ಹಾಕುವ ಬಡ್ಡಿಯಾಗಲಿ, ಮುರಿದುಕೊಳ್ಳುವ ಎಸ್ಸೆಮ್ಮೆಸ್ ಶುಲ್ಕವಾಗಲಿ ಈ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಹಕರೇ ಹಣ ಕಟ್ಟುವುದು, ತೆಗೆಯುವುದು, ಕಳಿಸುವುದು ಬರುತ್ತದೆ. ಎಷ್ಟೋ ಜನಕ್ಕೆ ಗೊತ್ತಿಲ್ಲದ ಅನುಕೂಲವೊಂದಿದೆ: 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ, ಬ್ಯಾಂಕಿನ ಮೊಬೈಲ್ ಆ್ಯಪ್‌ಗೆ ಲಾಗಿನ್ ಆಗುವುದು, ಎಟಿಎಂನಲ್ಲಿ ಬ್ಯಾಲೆನ್ಸ್ ನೋಡುವುದು, ಕೆವೈಸಿ ನವೀಕರಿಸುವುದು ಕೂಡ ಗ್ರಾಹಕರ ಚಟುವಟಿಕೆಯೇ.

ಲೆಕ್ಕ ಒಂದೊಂದು ಖಾತೆಗೂ ಬೇರೆ ಬೇರೆ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ಓಡಾಡುತ್ತಿದ್ದರೂ ಹಳೆಯದು ಉಳಿಯುವುದಿಲ್ಲ. ವರ್ಷ ತುಂಬಿದಾಗ ಬ್ಯಾಂಕು ಎಚ್ಚರಿಕೆಯ ಸಂದೇಶ ಕಳಿಸಬೇಕು. ಆದರೆ ಮೊಬೈಲ್ ನಂಬರ್ ಬದಲಾಗಿದ್ದರೆ ಅದು ಯಾರ ಕೈಗೆ ಸೇರೀತು?

ಬೀಗ ಹಾಕುವುದು ದಂಡಿಸಲಿಕ್ಕಲ್ಲ. ಯಾರೂ ಕಣ್ಣಿಡದ ಖಾತೆಯಿಂದ ಹಣ ಹೋದರೆ ಕೇಳುವವರಿಲ್ಲ. ನಕಲಿ ಸಹಿ ಹಾಕುವವರಿಗೆ, ಬ್ಯಾಂಕಿನೊಳಗಿನ ವಂಚಕರಿಗೂ ಅದೇ ಸುಲಭದ ಗುರಿ. ಹಾಗಾಗಿಯೇ ಚಾಲೂ ಆದ ಮೇಲೂ ಕನಿಷ್ಠ ಆರು ತಿಂಗಳು ಅಂಥ ಖಾತೆಯ ಮೇಲೆ ಬ್ಯಾಂಕು ನಿಗಾ ಇಡಬೇಕು.

ಮತ್ತೆ ತೆರೆಸುವುದು ಕಷ್ಟವೇನಲ್ಲ. ಹುಬ್ಬಳ್ಳಿಯ ಯುವತಿ ಬೆಂಗಳೂರಿಗೆ ಹೋಗಬೇಕಿಲ್ಲ. ಅದೇ ಬ್ಯಾಂಕಿನ ಹುಬ್ಬಳ್ಳಿ ಶಾಖೆಯಲ್ಲೇ ಅರ್ಜಿ ಕೊಡಬಹುದು. ಆಧಾರ್, ಪ್ಯಾನ್, ಫೋಟೊ, ಪಾಸ್‌ಬುಕ್ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ. ವಿಡಿಯೊ ಕೆವೈಸಿ ಇರುವ ಬ್ಯಾಂಕಾದರೆ ಮನೆಯಿಂದಲೇ ಮುಗಿಸಬಹುದು. ಹೊಸ ಮೊಬೈಲ್ ನಂಬರಿನ ಅರ್ಜಿಯನ್ನೂ ಅದೇ ದಿನ ಕೊಡುವುದು ಜಾಣತನ; ಇಲ್ಲದಿದ್ದರೆ ಖಾತೆ ತೆರೆದರೂ ಒಟಿಪಿ ಹಳೆಯ ನಂಬರಿಗೇ ಹೋಗುತ್ತದೆ. ಕಾಗದ ಸರಿಯಿದ್ದರೆ ಮೂರು ಕೆಲಸದ ದಿನಗಳೊಳಗೆ ಖಾತೆ ಚಾಲೂ ಆಗಬೇಕು. ಇದಕ್ಕೆ ಶುಲ್ಕವಿಲ್ಲ, ನಿಷ್ಕ್ರಿಯವಾಗಿದ್ದ ಕಾಲಕ್ಕೆ ಕನಿಷ್ಠ ಮೊತ್ತ ಇಲ್ಲವೆಂದು ದಂಡ ಹಾಕುವಂತೆಯೂ ಇಲ್ಲ. ಯಾರಾದರೂ ಕೇಳಿದರೆ ಲಿಖಿತವಾಗಿ ಕೊಡಿ ಎನ್ನಿ. ಚಾಲೂ ಆದ ಕೂಡಲೇ ನೂರು ರೂಪಾಯಿ ಕಟ್ಟಿ, ಪಾಸ್‌ಬುಕ್‌ನಲ್ಲಿ ಅದು ಬಂತೇ ನೋಡಿ.

ಹತ್ತು ವರ್ಷ ಹೀಗೇ ಬಿದ್ದಿದ್ದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಆಗಲೂ ಹಕ್ಕು ಹೋಗುವುದಿಲ್ಲ. ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿ, ಖಾತೆಯಿದ್ದ ಬ್ಯಾಂಕಿನಲ್ಲೇ ಕೇಳಬೇಕು. ತೀರಿಕೊಂಡ ತಂದೆ ತಾಯಿಯ ಖಾತೆಯನ್ನೂ ವಾರಸುದಾರರು ಅಲ್ಲಿ ಹುಡುಕಿ ನೋಡಬಹುದು.