ನೀರು ಬಿದ್ದ ಬೋರು, ಬೀಳದ ಬೋರು

ಜಗಳೂರು ಸೀಮೆಯಲ್ಲಿ ಬೋರು ಕೊರೆಸುವ ಮುನ್ನ ನೀರು ನೋಡುವವರನ್ನು ಕರೆಸುವುದುಂಟು. ಅಂಗೈ ಮೇಲಿನ ತೆಂಗಿನಕಾಯಿ ನೆಟ್ಟಗೆ ಎದ್ದು ನಿಂತಲ್ಲಿ ಪಾಯಿಂಟ್. ಅಲ್ಲಿ ಮುನ್ನೂರು ಅಡಿಗೆ ಎರಡು ಇಂಚು ನೀರು ಬಿದ್ದರೆ ಸುದ್ದಿ ಸಂತೆಯವರೆಗೂ ಹೋಗುತ್ತದೆ. ಹೀಗೆ ಒಂದು ಪ್ರಸಂಗವನ್ನೇ ಆಧಾರವಾಗಿಟ್ಟರೆ ಅದು ಅನುಭವಕಥೆಯ ಪುರಾವೆ. ಬಿದ್ದದ್ದು, ಬೀಳದ್ದು ಎರಡನ್ನೂ ಬಿಡದೆ ಎಣಿಸಿ ಹೋಲಿಸಿದರೆ ವ್ಯವಸ್ಥಿತ ಪುರಾವೆ.

"ಹಾಗಾದರೆ ನೀರು ಬಿದ್ದದ್ದು ಸುಳ್ಳೇ?" ಎಂದು ಬಹಳ ಜನ ಇಲ್ಲೇ ಎಡವುತ್ತಾರೆ. ಸುಳ್ಳಲ್ಲ. ಕೇಳಬೇಕಾದ್ದು ಬೇರೆ: ಕಾಯಿ ಹಿಡಿಯದೆ ಕೊರೆಸಿದ್ದರೆ ಬೀಳುತ್ತಿರಲಿಲ್ಲವೇ?

ಲೆಕ್ಕಕ್ಕಾಗಿ ಒಂದು ಊರನ್ನು ಊಹಿಸಿಕೊಳ್ಳಿ. ಕಾಯಿ ನಿಂತಲ್ಲಿ 20 ಬೋರು ಕೊರೆದರು, 12ರಲ್ಲಿ ನೀರು ಬಿತ್ತು, 8 ಒಣಗಿಯೇ ಉಳಿದವು. ಕಾಯಿ ಹಿಡಿಯದೆ ಕೊರೆದ 10ರಲ್ಲಿ 6ಕ್ಕೆ ನೀರು, 4 ಒಣ. ಎರಡೂ ಕಡೆ ನೂರಕ್ಕೆ ಅರವತ್ತೇ. ಅಂದರೆ ಕಾಯಿಯಿಂದ ಲಾಭವೇನೂ ಆಗಲಿಲ್ಲ. ಇದು ತಿಳಿಯಲು ನಾಲ್ಕೂ ಸಂಖ್ಯೆ ಬೇಕು. ಊರಲ್ಲಿ ಓಡಾಡುವುದು ಮೊದಲನೆಯ 12 ಮಾತ್ರ. ಆ 8 ಬೋರುಗಳ ಬಾಯಿಗೆ ಕಲ್ಲು ಮುಚ್ಚಿ ರೈತ ಸಾಲ ತೀರಿಸುತ್ತಿರುತ್ತಾನೆ. "ಇನ್ನೂ ನೂರಡಿ ಹೋಗಬೇಕಿತ್ತು" ಎಂಬ ಮಾತಿನಲ್ಲಿ ಸೋಲು ಪಾಯಿಂಟ್ ಕೊಟ್ಟವರ ಲೆಕ್ಕಕ್ಕೆ ಸೇರುವುದೇ ಇಲ್ಲ. ಕಾಯಿಯಿಲ್ಲದೆ ಬಿದ್ದ ನೀರಿನಲ್ಲಿ ಹೇಳಿಕೊಳ್ಳುವಂಥ ಕಥೆಯೇ ಇರುವುದಿಲ್ಲ.

ಇಂಥ ಎಣಿಕೆ ನಿಜವಾಗಿಯೂ ನಡೆದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸರ್ಕಾರದ ನೀರಾವರಿ ಆಯೋಗ 1918ರಿಂದಾಚೆಗೆ ಮೂರು ಸಾವಿರಕ್ಕೂ ಹೆಚ್ಚು ಕೊಳವೆಬಾವಿಗಳ ದಾಖಲೆ ಇಟ್ಟಿತು. ನೀರು ನೋಡುವವರು ತೋರಿಸಿದ ಜಾಗಗಳಲ್ಲಿ ನೂರಕ್ಕೆ ಸುಮಾರು 15 ಪೂರ್ತಿ ವಿಫಲ, ಉಳಿದ ಕಡೆ ಸುಮಾರು 7. ಅವರು ಕೆಟ್ಟ ಜಾಗವನ್ನೇ ತೋರಿಸುತ್ತಾರೆ ಎಂದು ಇದರಿಂದ ತೀರ್ಮಾನಿಸಲೂ ಆಗದು: ನೀರು ಕಷ್ಟವಿರುವ ನೆಲದವರೇ ಅವರನ್ನು ಹೆಚ್ಚಾಗಿ ಕರೆಸಿರಬಹುದು. ಲಾಭ ಕಾಣಲಿಲ್ಲ ಎನ್ನುವಷ್ಟಕ್ಕೆ ಮಾತು ನಿಲ್ಲಬೇಕು.

ನಮ್ಮ ಜಿಲ್ಲೆಯಲ್ಲೂ ಇದೇ ತೊಡಕಿದೆ. ಚನ್ನಗಿರಿಯ ನಾಲೆ ಬಯಲಿನಲ್ಲಿ, ಹೊನ್ನಾಳಿಯ ಹೊಳೆದಂಡೆಯಲ್ಲಿ ಮೇಲಿನ ನೀರು ಇಂಗಿ ಅಂತರ್ಜಲ ತುಂಬುತ್ತದೆ. ಜಗಳೂರಿನ ಗಟ್ಟಿ ಬಂಡೆಯಲ್ಲಿ ಬಿರುಕು ಸಿಕ್ಕಿದರಷ್ಟೇ ನೀರು. ಒಬ್ಬರೇ ಎರಡೂ ಕಡೆ ಪಾಯಿಂಟ್ ಕೊಟ್ಟರೆ ಚನ್ನಗಿರಿಯಲ್ಲಿ ಸಿಗುವ ಹೆಸರು ನೆಲದ ಹೆಸರು. ನ್ಯಾಮತಿಯ ಬೋರನ್ನು ನ್ಯಾಮತಿಯ ಅಂಥದೇ ನೆಲದ ಬೋರಿನೊಂದಿಗೇ ಹೋಲಿಸಬೇಕು.

ಅನುಭವಕಥೆಯನ್ನು ಎಸೆಯಬೇಕಿಲ್ಲ, ಪರೀಕ್ಷಿಸಬೇಕಾದ ಪ್ರಶ್ನೆಯನ್ನು ಅದು ಕೊಡುತ್ತದೆ. ಓದುಗರಲ್ಲಿ ನನ್ನ ಬೇಡಿಕೆ ಇಷ್ಟು: ನಿಮ್ಮ ಊರಿನಲ್ಲಿ ಒಂದು ಪುಸ್ತಕ ಇಡಿ. ಲಾರಿ ಬರುವ ಮೊದಲೇ ಸರ್ವೆ ನಂಬರು, ಪಾಯಿಂಟ್ ಹೇಗೆ ಗೊತ್ತಾಯಿತು ಎಂಬುದನ್ನು ಬರೆಯಿರಿ. ಕೊರೆದ ಮೇಲೆ ಆಳ, ನೀರು ಬರೆಯಿರಿ. ಒಣ ಬೋರೊಂದನ್ನೂ ಬಿಡಬೇಡಿ.