ಇಬ್ಬರೂ ಒಪ್ಪಿದ ತಪ್ಪು

ಆಮ್‌ಸ್ಟರ್‌ಡ್ಯಾಮ್ ನಗರದ ದಾಖಲೆ ಭಂಡಾರದಲ್ಲಿ ನೋಟರಿಗಳು ಬರೆದಿಟ್ಟ ಪತ್ರಗಳೇ ಸುಮಾರು ಮೂರೂವರೆ ಕಿಲೋಮೀಟರ್ ಕಪಾಟು ತುಂಬಿವೆ. 1578ರಿಂದ 1915ರವರೆಗಿನ ಉಯಿಲು, ಸಾಲಪತ್ರ, ಮದುವೆಯ ಕರಾರು, ಹಡಗಿನ ಒಪ್ಪಂದ, ಎಲ್ಲವೂ ಅಲ್ಲಿವೆ. ಇವುಗಳ ಹೆಸರಿನ ಸೂಚಿ ಮಾಡುವಾಗ ಅನುಸರಿಸಿದ ಕ್ರಮ ಸರಳ: ಒಂದೇ ಪುಟವನ್ನು ಇಬ್ಬರು ಸ್ವಯಂಸೇವಕರು ಬೇರೆಬೇರೆಯಾಗಿ ಓದಿ ನಮೂದಿಸುತ್ತಾರೆ, ಮೂರನೆಯವರು ಎರಡನ್ನೂ ಹೋಲಿಸಿ ತೀರ್ಮಾನಿಸುತ್ತಾರೆ. ಇಬ್ಬರೂ ಒಂದೇ ಕಡೆ ಒಂದೇ ತಪ್ಪು ಮಾಡುವುದು ಅಪರೂಪ ಎಂಬ ನಂಬಿಕೆಯ ಮೇಲೆ ಇದು ನಿಂತಿದೆ.

ಈಗ ಕೈಬರಹವನ್ನು ಮೊದಲು ಯಂತ್ರವೇ ಓದುತ್ತದೆ, ಜನ ತಿದ್ದುತ್ತಾರೆ. ಆ ನಂಬಿಕೆ ಅಲುಗಾಡುವುದು ಇಲ್ಲಿಯೇ. ಪತ್ರವೊಂದರಲ್ಲಿ 1671 ಎಂದಿದೆ, ಕೊನೆಯ ಒಂದರ ತಲೆ ತುಸು ಬಾಗಿದ್ದರಿಂದ ಯಂತ್ರ 1677 ಎಂದು ಓದಿದೆ ಎಂದುಕೊಳ್ಳಿ. ತಿದ್ದುವವರ ಕಣ್ಣಿಗೆ ಮೊದಲು ಬೀಳುವುದು ಅಚ್ಚುಕಟ್ಟಾದ 1677. ಆಮೇಲೆ ಚಿತ್ರ ನೋಡಿದರೆ ಬಾಗಿದ ಗೆರೆಯೂ ಏಳಾಗಿಯೇ ತೋರುತ್ತದೆ. ಮೊದಲನೆಯವರು ಸರಿ ಎಂದರು, ಎರಡನೆಯವರೂ ಸರಿ ಎಂದರು. ಭಿನ್ನಮತವೇ ಇಲ್ಲ, ಹಾಗಾಗಿ ಮೂರನೆಯವರ ಬಳಿಗೆ ಪತ್ರ ಹೋಗುವುದೇ ಇಲ್ಲ. ಅರ್ಥವಿಲ್ಲದ ಪದ ಕಂಡರೆ ಯಾರಾದರೂ ತಡೆಯುತ್ತಾರೆ. ನಂಬುವಂತಿರುವ ಇಂಥ ತಪ್ಪು ನುಸುಳಿಬಿಡುತ್ತದೆ.

ಆದ್ದರಿಂದ ಹೆಸರು, ಇಸವಿ, ಮೊತ್ತ ಇರುವ ಕಡೆ ಇಬ್ಬರಲ್ಲಿ ಒಬ್ಬರಿಗೆ ಯಂತ್ರದ ಪಾಠವನ್ನು ತೋರಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಡೀ ಪುಟವನ್ನು ಹೊಸದಾಗಿ ಬರೆಯಿಸುವ ಅಗತ್ಯವಿಲ್ಲ, ಆ ಕೆಲವು ಪದಗಳಷ್ಟೇ ಸಾಕು. ಜೊತೆಗೆ, ಪರಿಣತರು ಮೊದಲೇ ಓದಿಟ್ಟ ಪುಟಗಳಲ್ಲಿ ಬೇಕೆಂದೇ ಕೆಲವು ತಪ್ಪು ಸೇರಿಸಿ ನಡುನಡುವೆ ಕೊಡಬೇಕು. ಹೀಗೆ ಮಾಡುತ್ತೇವೆಂದು ಸ್ವಯಂಸೇವಕರಿಗೆ ಮುಂಚೆಯೇ ಹೇಳಿರಬೇಕು. ಎಷ್ಟು ತಪ್ಪು ಸಿಕ್ಕಿಬಿದ್ದವು ಎಂಬುದರಿಂದ ಒಪ್ಪಿಗೆಯನ್ನು ಎಷ್ಟು ನಂಬಬಹುದು ಎಂದು ತಿಳಿಯುತ್ತದೆ.

ಭಿನ್ನಮತಗಳಲ್ಲೂ ಎರಡು ಬಗೆ. ಡಚ್ಚರು ತಂದೆಯ ಹೆಸರಿನಿಂದ ಬರುವ ‘ಕ್ಲಾಸ್‌ಜೋನ್’ ಎಂಬುದನ್ನು ತುಂಡರಿಸಿ ಬರೆಯುತ್ತಿದ್ದರು. ಒಬ್ಬರು ಅದನ್ನು ಇದ್ದ ಹಾಗೇ ಬರೆದು, ಇನ್ನೊಬ್ಬರು ಪೂರ್ತಿ ಬಿಡಿಸಿದರೆ ಅದು ಓದಿನ ಜಗಳವಲ್ಲ, ನಿಯಮ ಹೇಳದೆ ಬಿಟ್ಟದ್ದರ ಫಲ. ಇಂಥವನ್ನು ಒಂದೊಂದಾಗಿ ತೀರ್ಮಾನಿಸುತ್ತ ಕೂತರೆ ಮೂರನೆಯವರ ಮೇಜಿನ ಮೇಲೆ ರಾಶಿ ಬೀಳುತ್ತದೆ. ‘ಕಂಡಂತೆ ಬರೆಯಿರಿ’ ಎಂದು ನಿಯಮ ಮಾಡಿ, ಹಳೆಯ ನಮೂದುಗಳನ್ನು ಒಟ್ಟಿಗೆ ಸರಿಪಡಿಸಬೇಕು.

ನಿಜವಾದ ಓದಿನ ವ್ಯತ್ಯಾಸ ಮಾತ್ರ ತೀರ್ಪಿಗೆ ಬರಲಿ. ಆಗ ಮೂರನೆಯವರಿಗೆ ಪುಟದ ಚಿತ್ರ ಮತ್ತು ಎರಡು ಪಾಠಗಳು ಕಾಣಬೇಕು, ಬರೆದವರ ಹೆಸರು ಕಾಣಬಾರದು. ಹಿರಿಯರ ಓದು ಎಂದು ಗೊತ್ತಾದರೆ ಮನಸ್ಸು ಅತ್ತಲೇ ವಾಲುತ್ತದೆ. ಅದೇ ನೋಟರಿಯ ಬೇರೆ ಪತ್ರಗಳಲ್ಲಿ ಒಂದು, ಏಳು ಹೇಗಿವೆ ಎಂದು ನೋಡಲು ಅವೂ ಕೈಗೆಟಕುವಂತಿರಬೇಕು. ಅಷ್ಟಾದರೂ ಬಗೆಹರಿಯದಿದ್ದರೆ ‘ಅಸ್ಪಷ್ಟ’ ಎಂದು ಗುರುತಿಸಿ, ಎರಡೂ ಪಾಠಗಳನ್ನು ಉಳಿಸಬೇಕು. ಆಗ 1671 ಎಂದು ಹುಡುಕಿದವರಿಗೂ 1677 ಎಂದು ಹುಡುಕಿದವರಿಗೂ ಆ ಪತ್ರ ಸಿಗುತ್ತದೆ.