ಕೋಚ್ ಸರ್, ಮಗಳನ್ನು ಒಂದು ದಿನ ಟ್ರಯಲ್‌ಗೆ ಕರೆತರಬಹುದಾ?

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಬ್ಯಾಡ್ಮಿಂಟನ್ ಕೋಚ್‌ಗಳ ಮೊಬೈಲಿಗೆ ಒಂದೇ ಬಗೆಯ ಮೆಸೇಜುಗಳು ಬರತೊಡಗುತ್ತವೆ: ‘ಹಾಯ್ ಸರ್, ಕೋಚಿಂಗ್ ಡೀಟೇಲ್ಸ್ ಕಳಿಸಿ.’ ಕೇಳಿದವರು ಯಾರು, ಕಲಿಯುವುದು ಮಗುವೋ ದೊಡ್ಡವರೋ, ಮಗುವಾದರೆ ಎಷ್ಟು ವಯಸ್ಸು ಎಂಬುದು ಒಂದೂ ಅದರಲ್ಲಿರುವುದಿಲ್ಲ. ಕೋಚ್ ಕೂಡ ತಮ್ಮ ಫೀಸಿನ ಪಟ್ಟಿಯನ್ನು ಫಾರ್ವರ್ಡ್ ಮಾಡಿ ಸುಮ್ಮನಾಗುತ್ತಾರೆ. ಆ ಪಟ್ಟಿ ನೋಡಿ ಅಪ್ಪ ಅಮ್ಮ ಒಂದು ತೀರ್ಮಾನಕ್ಕೆ ಬರುತ್ತಾರೆ. ಇಷ್ಟೆಲ್ಲ ಆಗುವಾಗ ಮಗು ಕೋರ್ಟನ್ನೇ ನೋಡಿರುವುದಿಲ್ಲ.

ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆ ಅವರ ಅಕಾಡೆಮಿ ಶುರುವಾದದ್ದು 1994ರಲ್ಲಿ. ಈಗ ಜಿಲ್ಲಾ ಕೇಂದ್ರಗಳಲ್ಲೂ ಶೀಟು ಹೊದಿಸಿದ ಶೆಡ್ಡಿನ ಕೆಳಗೆ ಹಸಿರು ಮ್ಯಾಟ್ ಹಾಸಿ ಮಕ್ಕಳಿಗೆ ಆಟ ಕಲಿಸುವವರಿದ್ದಾರೆ. ಬಹಳಷ್ಟು ಕಡೆ ಸೇರುವ ಮೊದಲು ಒಂದು ದಿನ ಬಂದು ಆಡಿ ನೋಡಲು ಬಿಡುತ್ತಾರೆ. ಇದನ್ನೇ ಕೆಲವರು ಟ್ರಯಲ್ ಅನ್ನುತ್ತಾರೆ, ಕೆಲವರು ಡೆಮೊ ಕ್ಲಾಸ್ ಅನ್ನುತ್ತಾರೆ. ಆದರೆ ಈ ಅವಕಾಶ ಕೇಳಿದವರಿಗಷ್ಟೇ ಸಿಗುತ್ತದೆ. ಹೇಗೆ ಕೇಳಿದಿರಿ ಎಂಬುದರ ಮೇಲೆ ಆ ಒಂದು ಗಂಟೆ ಮಗುವಿಗೆ ಎಷ್ಟು ದಕ್ಕುತ್ತದೆ ಎಂಬುದೂ ನಿಂತಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಾಸನದಂಥ ಊರಿನ ಒಬ್ಬ ತಾಯಿ ತಮ್ಮ ಮಗಳಿಗಾಗಿ ಕೋಚ್‌ಗೆ ಹೀಗೆ ಬರೆಯಬಹುದು:

‘ನಮಸ್ಕಾರ ಸರ್. ಮಗಳು ಅನನ್ಯಾಳನ್ನು ಬ್ಯಾಡ್ಮಿಂಟನ್‌ಗೆ ಸೇರಿಸಬೇಕು ಅಂತಿದ್ದೇವೆ. ಹುಟ್ಟಿದ ದಿನ 14 ಆಗಸ್ಟ್ 2017, ಮೂರನೇ ಕ್ಲಾಸ್. ಒಂದು ವರ್ಷದಿಂದ ಮನೆ ಮುಂದೆ ಅಣ್ಣನ ಜೊತೆ ಪ್ಲಾಸ್ಟಿಕ್ ಶಟಲ್‌ನಲ್ಲಿ ಆಡ್ತಾಳೆ, ಕೋಚಿಂಗ್‌ಗೆ ಎಲ್ಲೂ ಹೋಗಿಲ್ಲ. ಕನ್ನಡಕ ಇದೆ, ಬೇರೆ ತೊಂದರೆ ಇಲ್ಲ. ಸ್ಕೂಲು 3.45ಕ್ಕೆ ಬಿಡುತ್ತೆ. ಸೇರಿಸೋ ಮೊದಲು ಒಂದು ದಿನ ಟ್ರಯಲ್‌ಗೆ ಕರೆತರಬಹುದಾ? ಟ್ರಯಲ್‌ಗೆ ಫೀಸು ಇದೆಯಾ? ಸೇರಿದರೆ ತಿಂಗಳಿಗೆ ಎಷ್ಟು, ವಾರಕ್ಕೆ ಎಷ್ಟು ದಿನ? ರಾಕೆಟ್ ಇನ್ನೂ ತಗೊಂಡಿಲ್ಲ, ಒಂದು ದಿನಕ್ಕೆ ಅಲ್ಲೇ ಸಿಗುತ್ತಾ?’

ಓದಲು ಅರ್ಧ ನಿಮಿಷ ಸಾಕು. ಆದರೆ ಕೋಚ್‌ಗೆ ಬೇಕಾದದ್ದೆಲ್ಲ ಇದರಲ್ಲಿದೆ. ಹಾಗೆಯೇ ತಾಯಿಗೆ ಬೇಕಾದ ನಾಲ್ಕು ಉತ್ತರಗಳನ್ನು ಕೊಡದೆ ಕೋಚ್ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಫೋನ್ ಮಾಡುವುದಕ್ಕಿಂತ ಹೀಗೆ ಬರೆದು ಕಳಿಸುವುದೇ ಮೇಲು. ಬೆಳಗಿನ ಜಾವದಿಂದ ಎಂಟರವರೆಗೆ, ಮತ್ತೆ ಸಂಜೆ ನಾಲ್ಕರಿಂದ ರಾತ್ರಿಯವರೆಗೆ ಅವರು ಕೋರ್ಟಿನಲ್ಲಿರುತ್ತಾರೆ. ಸಂಜೆ ಐದಕ್ಕೆ ಕರೆ ಮಾಡಿದರೆ ಇನ್ಯಾರದೋ ಮಗುವಿನ ಕ್ಲಾಸು ನಡುವೆ ನಿಲ್ಲುತ್ತದೆ, ನಿಮಗೂ ಅರ್ಧ ಉತ್ತರವೇ ಸಿಗುತ್ತದೆ.

ವಯಸ್ಸಿನ ಬದಲು ಹುಟ್ಟಿದ ದಿನವನ್ನೇ ಬರೆಯಲು ಕಾರಣವಿದೆ. ‘ಏಳು ತುಂಬಿ ಎಂಟು ನಡೀತಿದೆ’ ಅನ್ನುವವರೂ ‘ಎಂಟು ವರ್ಷ’ ಅನ್ನುವವರೂ ಒಂದೇ ಮಗುವಿನ ಬಗ್ಗೆ ಮಾತಾಡುತ್ತಿರಬಹುದು. ಆ ವಯಸ್ಸಿನಲ್ಲಿ ಒಂದು ವರ್ಷದ ಅಂತರ ಸಣ್ಣದಲ್ಲ. ಐದಾರು ವರ್ಷದ ಮಗುವಿಗೆ ಓಡುವುದು, ನೆಗೆಯುವುದು, ಚೆಂಡು ಹಿಡಿಯುವುದು, ಶಟಲನ್ನು ಕೈಯಲ್ಲಿ ಎಸೆಯುವುದು, ಇಂಥ ಆಟಗಳೇ ಪಾಠ. ಏಳೆಂಟರ ಹೊತ್ತಿಗೆ ಹಿಡಿತ, ಹೆಜ್ಜೆ, ಸರ್ವಿಸ್ ಶುರು ಮಾಡಬಹುದು. ಮುಂದೆ ಟೂರ್ನಿಗೆ ಹೋಗುವುದಾದರಂತೂ ಹುಟ್ಟಿದ ವರ್ಷವೇ ಲೆಕ್ಕ. 2016ರ ಡಿಸೆಂಬರ್ 20ರಂದು ಹುಟ್ಟಿದ ಹುಡುಗ ಮತ್ತು 2017ರ ಜನವರಿ 5ರಂದು ಹುಟ್ಟಿದ ಹುಡುಗನ ನಡುವೆ ಇರುವುದು ಹದಿನಾರೇ ದಿನ. ಆದರೂ ಜನವರಿ 1ರ ಲೆಕ್ಕದಲ್ಲಿ 2029ರ ‘13ರೊಳಗಿನವರ’ ವಿಭಾಗದಲ್ಲಿ ಎರಡನೆಯವನಿಗೆ ಅವಕಾಶವಿದೆ, ಮೊದಲನೆಯವನಿಗಿಲ್ಲ. ಅದಕ್ಕಾಗಿ ದಿನ ತಿದ್ದುವ ಯೋಚನೆ ಮಾತ್ರ ಯಾರಿಗೂ ಬರಬಾರದು. ಮೊದಲ ಟೂರ್ನಿಯ ಎಂಟ್ರಿಗೇ ಜನನ ಪ್ರಮಾಣಪತ್ರ ಕೇಳುತ್ತಾರೆ. ಅಲ್ಲಿ ಸುಳ್ಳು ಸಿಕ್ಕಿಬಿದ್ದರೆ ಶಿಕ್ಷೆ ಮಗುವಿನ ಮೇಲೆ ಬೀಳುತ್ತದೆ.

ಮಗು ದೊಡ್ಡದಾಗಿದ್ದರೆ ಅದನ್ನೂ ಮೊದಲೇ ಹೇಳಬೇಕು. ಹನ್ನೆರಡು ವರ್ಷದ ಹುಡುಗ ಮೊದಲ ಸಲ ರಾಕೆಟ್ ಹಿಡಿಯುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಹೊಸಬರ ಬ್ಯಾಚು ಎಂದು ಅವನನ್ನು ಎಂಟು ವರ್ಷದವರ ಸಾಲಿನಲ್ಲಿ ನಿಲ್ಲಿಸಿದರೆ ಅವನು ಎರಡನೇ ದಿನ ಬರುವುದಿಲ್ಲ. ‘ಅವನ ವಯಸ್ಸಿನ ಹೊಸಬರು ಯಾವ ಹೊತ್ತಿಗೆ ಬರುತ್ತಾರೆ?’ ಎಂದು ಕೇಳಿ, ಆ ಹೊತ್ತಿಗೇ ಟ್ರಯಲ್ ಇಟ್ಟುಕೊಳ್ಳಬೇಕು.

ಅನುಭವದ ವಿಷಯಕ್ಕೆ ಬಂದಾಗ ಹೆತ್ತವರ ಬಾಯಲ್ಲಿ ಬರುವ ಮಾತು ‘ಚೆನ್ನಾಗಿ ಆಡ್ತಾಳೆ ಸರ್.’ ಇದರಿಂದ ಕೋಚ್‌ಗೆ ಏನೂ ತಿಳಿಯುವುದಿಲ್ಲ. ‘ಮನೆ ಮುಂದೆ, ಪ್ಲಾಸ್ಟಿಕ್ ಶಟಲ್‌ನಲ್ಲಿ, ಒಂದು ವರ್ಷ’ ಎಂದರೆ ಬಹಳ ತಿಳಿಯುತ್ತದೆ. ರಸ್ತೆಯಲ್ಲಿ ಆಡಿ ಕಲಿತ ಮಕ್ಕಳು ಸಾಮಾನ್ಯವಾಗಿ ರಾಕೆಟ್ಟನ್ನು ದೋಸೆ ಮಗುಚುವ ಕೈಯ ಹಾಗೆ, ಬಲೆಯ ಮುಖ ನೇರ ಎದುರಿಗಿರುವಂತೆ ಹಿಡಿದಿರುತ್ತಾರೆ. ಎದುರಿಗೆ ಬಂದ ಶಟಲನ್ನು ತಟ್ಟಿ ಕಳಿಸಲು ಅದು ಸಾಕು. ಆದರೆ ತಲೆಯ ಮೇಲಿಂದ ಜೋರಾಗಿ ಹೊಡೆಯಬೇಕಾದರೆ ಮುಂಗೈ ತಿರುಗಬೇಕು, ಆ ಹಿಡಿತದಲ್ಲಿ ಅದು ಸರಿಯಾಗಿ ತಿರುಗುವುದಿಲ್ಲ. ಬ್ಯಾಕ್‌ಹ್ಯಾಂಡೂ ಕಷ್ಟವಾಗುತ್ತದೆ. ಹಾಗಾಗಿ ಕೋಚ್ ಮೊದಲು ಕೈಕುಲುಕುವಂತೆ ಹಿಡಿಯಲು ಹೇಳಿಕೊಡುತ್ತಾರೆ. ಹಿಡಿತ ಬದಲಾದ ಮೊದಲ ಕೆಲವು ವಾರ ಮಗುವಿನ ಆಟ ಮೊದಲಿಗಿಂತ ಕೆಟ್ಟಿತೇನೋ ಎನ್ನಿಸುವುದು ಸಹಜ. ಇದು ಗೊತ್ತಿಲ್ಲದ ಅಪ್ಪ ಅಮ್ಮ ‘ಇಲ್ಲಿಗೆ ಬಂದ ಮೇಲೆ ಇದ್ದದ್ದೂ ಹೋಯ್ತು’ ಎಂದು ಬೇಸರಪಡುತ್ತಾರೆ.

ಬೇರೆ ಕಡೆ ಕಲಿತಿದ್ದರೆ ಎಷ್ಟು ತಿಂಗಳು, ವಾರಕ್ಕೆ ಎಷ್ಟು ದಿನ, ಗರಿಯ ಶಟಲ್‌ನಲ್ಲೋ ನೈಲಾನ್‌ನಲ್ಲೋ ಎಂದು ಬರೆಯಿರಿ. ಗರಿಯದು ಬೇಗ ನಿಧಾನವಾಗಿ ಕಡಿದಾಗಿ ಇಳಿಯುತ್ತದೆ, ನೈಲಾನಿನದು ಬೇರೆ ಥರ ಹಾರುತ್ತದೆ. ಅದರ ಮೇಲೆ ಮಗುವನ್ನು ಯಾರ ಜೊತೆ ಆಡಿಸಬೇಕೆಂದು ಕೋಚ್ ನಿರ್ಧರಿಸುತ್ತಾರೆ. ಉಬ್ಬಸ, ಕನ್ನಡಕ, ಹಿಂದೆ ಮುರಿದಿದ್ದ ಕೈ, ಇವನ್ನು ಮುಚ್ಚಿಡಬಾರದು. ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂಬ ಭಯ ಬೇಡ. ಉಬ್ಬಸದ ಮಗುವಿನ ಇನ್ಹೇಲರ್ ಚೀಲದಲ್ಲಿದೆ ಎಂದು ಗೊತ್ತಿದ್ದರೆ ಕೋಚ್ ಅದಕ್ಕೆ ತಕ್ಕ ಹಾಗೆ ಓಡಿಸುತ್ತಾರೆ.

ಇನ್ನು ಫೀಸು. ಕಲಿಸುವವರ ಹತ್ತಿರ ದುಡ್ಡಿನ ಮಾತೆತ್ತಲು ನಮ್ಮಲ್ಲಿ ಅನೇಕರಿಗೆ ಸಂಕೋಚ. ‘ಗುರುಗಳ ಹತ್ತಿರ ಹೇಗೆ ಕೇಳೋದು’ ಎಂದು ಸುಮ್ಮನಿದ್ದು, ಟ್ರಯಲ್ ಮುಗಿದು ಮಗು ಖುಷಿಯಿಂದ ಕುಣಿಯುತ್ತಿರುವಾಗ ಕೇಳುತ್ತಾರೆ. ಆಗ ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಅದಕ್ಕೇ ಮೊದಲ ಮೆಸೇಜಿನಲ್ಲೇ ಕೇಳಿಬಿಡಬೇಕು. ಕೋಚ್‌ಗೆ ಅದು ಅವಮಾನವಲ್ಲ, ಕೋರ್ಟಿನ ಬಾಡಿಗೆಯನ್ನೂ ಶಟಲ್‌ಗಳ ಖರ್ಚನ್ನೂ ತೂಗಿಸುವವರು ಅವರೇ.

ತಿಂಗಳ ಫೀಸೊಂದನ್ನೇ ಕೇಳಿದರೆ ಸಾಲದು. ಲೆಕ್ಕಕ್ಕೆಂದು ಒಂದು ಅಂಕಿ ಹಿಡಿಯೋಣ. ತಿಂಗಳಿಗೆ 2,400 ರೂಪಾಯಿ, ವಾರಕ್ಕೆ ಮೂರು ದಿನ ಎಂದರೆ ತಿಂಗಳಿಗೆ ಹನ್ನೆರಡು ಕ್ಲಾಸು, ಒಂದಕ್ಕೆ 200 ರೂಪಾಯಿ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮೂರು ತಿಂಗಳದ್ದು ಒಟ್ಟಿಗೆ ಕಟ್ಟಬೇಕು, ಪ್ರವೇಶ ಶುಲ್ಕ 2,000 ಬೇರೆ ಎಂದಾದರೆ ಮೊದಲ ದಿನವೇ ಕೈಬಿಡುವುದು 9,200. ಮಗುವಿಗೆ ಒಂದು ತಿಂಗಳಲ್ಲಿ ಬೇಸರವಾಗಿ ಬಿಟ್ಟರೆ, ಉಳಿದ ಹಣ ವಾಪಸ್ ಕೊಡದಿದ್ದರೆ, ಹನ್ನೆರಡು ಕ್ಲಾಸಿಗೆ ಅಷ್ಟೂ ಹೋಯಿತು. ಒಂದು ಕ್ಲಾಸಿಗೆ ಸುಮಾರು 767 ರೂಪಾಯಿ. ಹೊಸ ಮಗುವಿಗೆ ಮೊದಲ ತಿಂಗಳು ಮಾತ್ರ ಕಟ್ಟಬಹುದಾ, ಶಟಲ್ ಫೀಸಿನಲ್ಲೇ ಸೇರಿದೆಯಾ, ಜಿಎಸ್‌ಟಿ ಬೇರೆಯಾ, ಪರೀಕ್ಷೆ ಇಲ್ಲವೇ ಜ್ವರ ಬಂದು ತಪ್ಪಿದ ಕ್ಲಾಸನ್ನು ಬೇರೆ ದಿನ ಕೊಡುತ್ತಾರಾ ಎಂಬ ಪ್ರಶ್ನೆಗಳನ್ನು ಟ್ರಯಲ್‌ಗೆ ಹೋದ ದಿನ ಎದುರಿಗೇ ಕೇಳಬಹುದು. ಟ್ರಯಲ್‌ಗೂ ಸ್ವಲ್ಪ ಹಣ ಕೇಳಿದರೆ ಅದರಲ್ಲಿ ತಪ್ಪಿಲ್ಲ. ಸೇರಿದರೆ ಫೀಸಿನಲ್ಲಿ ಅದನ್ನು ಕಳೆಯುತ್ತಾರಾ ಎಂದು ಕೇಳಿ. ಟ್ರಯಲ್ ಕೇಳಿದ್ದಕ್ಕೆ ‘ಮೊದಲು ಮೂರು ತಿಂಗಳದ್ದು ಕಟ್ಟಿ, ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ ಎಂದು ನನ್ನ ಅಭಿಪ್ರಾಯ.

ಟ್ರಯಲ್‌ಗಾಗಿ ರಾಕೆಟ್ ಕೊಳ್ಳಬೇಡಿ. ಚಿಕ್ಕ ಮಕ್ಕಳಿಗೆ ಉದ್ದ ಕಡಿಮೆಯಿರುವ ಹಗುರವಾದ ರಾಕೆಟ್ ಬೇಕಾಗುತ್ತದೆ, ಯಾವುದು ಎಂದು ಕೋಚ್ ಹೇಳಲಿ. ಶೂ ಬಗ್ಗೆ ಮಾತ್ರ ಮೊದಲೇ ವಿಚಾರಿಸಿ. ರಸ್ತೆಯಲ್ಲಿ ಹಾಕಿದ ಶೂಗಳನ್ನು ಮ್ಯಾಟ್ ಮೇಲೆ ಬಿಡುವುದಿಲ್ಲ. ಗುರುತು ಬೀಳಿಸದ ರಬ್ಬರ್ ತಳದ ‘ನಾನ್ ಮಾರ್ಕಿಂಗ್’ ಶೂ ಬೇಕು.

ಟ್ರಯಲ್‌ನಲ್ಲಿ ಕೋಚ್ ನೋಡುವುದು ಮಗು ಎಷ್ಟು ಪಾಯಿಂಟ್ ಗೆದ್ದಿತು ಎಂಬುದನ್ನಲ್ಲ. ಸ್ಕಿಪ್ಪಿಂಗ್ ಮಾಡಿಸುತ್ತಾರೆ, ಗೆರೆಯಿಂದ ಗೆರೆಗೆ ಓಡಿಸುತ್ತಾರೆ, ಬಲೆಯ ಹತ್ತಿರ ನಿಂತು ಶಟಲನ್ನು ಕೈಯಲ್ಲಿ ಎಸೆದು ಹೊಡೆಸುತ್ತಾರೆ. ಹೇಳಿದ್ದನ್ನು ಕೇಳಿಸಿಕೊಂಡು ಎರಡನೇ ಸಲ ಬದಲಿಸಿಕೊಂಡಿತೇ ಎಂಬುದರ ಮೇಲೆ ಅವರ ಕಣ್ಣಿರುತ್ತದೆ. ನೀವು ಅದೇ ಹೊತ್ತಿನಲ್ಲಿ ಬೇರೊಂದನ್ನು ನೋಡಿ. ಒಂದು ಕೋರ್ಟಿನಲ್ಲಿ ಎಷ್ಟು ಮಕ್ಕಳಿದ್ದಾರೆ? ಹನ್ನೆರಡು ಮಕ್ಕಳು ಸಾಲಾಗಿ ನಿಂತು, ಒಬ್ಬರ ನಂತರ ಒಬ್ಬರು ಹೊಡೆಯುವಂತಿದ್ದರೆ, ಅರ್ಧ ಗಂಟೆಯಲ್ಲಿ ನಿಮ್ಮ ಮಗುವಿನ ಪಾಲಿಗೆ ಬರುವುದು ಎರಡೂವರೆ ನಿಮಿಷ. ಉಳಿದವರಿಗೆ ಪಕ್ಕದಲ್ಲಿ ಗೋಡೆಗೆ ಹೊಡೆಯುವುದೋ ಹೆಜ್ಜೆಯ ಅಭ್ಯಾಸವೋ ಕೊಟ್ಟಿದ್ದರೆ ಅಷ್ಟೇ ಮಕ್ಕಳಿದ್ದರೂ ತೊಂದರೆಯಿಲ್ಲ. ಆ ದಿನ ನೀವು ಕೂತು ನೋಡಬಹುದೇ ಎಂದು ಕೇಳುವುದಕ್ಕೆ ಹಿಂಜರಿಯಬೇಡಿ. ಯಾವತ್ತೂ ಒಳಗೆ ಬಿಡುವುದಿಲ್ಲ ಎನ್ನುವ ಕಡೆ, ಅದರಲ್ಲೂ ಹೆಣ್ಣುಮಗಳಿದ್ದರೆ, ಕಾರಣವನ್ನು ಕೇಳಿಯೇ ಮುಂದುವರಿಯಬೇಕು. ಕೂತ ಜಾಗದಿಂದ ‘ಜೋರಾಗಿ ಹೊಡಿ ಪುಟ್ಟಿ’ ಎಂದು ಕೂಗುವುದು ಮಾತ್ರ ಬೇಡ. ಮಗು ಕೋಚ್ ಮುಖ ಬಿಟ್ಟು ನಿಮ್ಮ ಮುಖ ನೋಡತೊಡಗುತ್ತದೆ.

ಮನೆಗೆ ಬಂದ ಮೇಲೆ ಮಗುವನ್ನು ಕೇಳಿ, ಒಂದೆರಡು ದಿನ ಯೋಚಿಸಿ. ಆಮೇಲೆ ಸೇರಿಸುತ್ತೀರೋ ಇಲ್ಲವೋ ಕೋಚ್‌ಗೆ ಒಂದು ಸಾಲು ಬರೆದು ತಿಳಿಸಿ. ಸಣ್ಣ ಬ್ಯಾಚುಗಳಲ್ಲಿ ಟ್ರಯಲ್‌ಗೆ ಬಂದ ಮಗುವಿಗೆಂದು ಒಂದು ಜಾಗ ಹಿಡಿದಿಟ್ಟಿರುತ್ತಾರೆ. ನೀವು ಬರುವುದಿಲ್ಲ ಎಂದು ಗೊತ್ತಾದರೆ ಕಾಯುತ್ತಿರುವ ಇನ್ನೊಂದು ಮಗುವನ್ನು ಕರೆಯಬಹುದು.